ಕನ್ನಡ ಮಾಧ್ಯಮದಿಂದ ಬಂದವರು ಇಂಗ್ಲಿಷಿನ ಕೋಡಿಂಗ್ ಲೆಕ್ಕ ಓದುವ ಬಗೆ

ಪ್ರೋಗ್ರಾಮಿಂಗ್ ಸ್ಪರ್ಧೆಗಳ ಕಡೆ ಮುಖಮಾಡಿದ ಹುಡುಗ ಹುಡುಗಿಯರು ಬೇಗನೆ ಕೇಳುವ ಹೆಸರು ಕೋಡ್‌ಫೋರ್ಸಸ್. ರಷ್ಯಾದ ಸರಾತೊವ್ ನಗರದಲ್ಲಿ ಮೈಕ್ ಮಿರ್ಜಯಾನೊವ್ ಕಟ್ಟಿದ ಈ ಜಾಲತಾಣ 2010ರಲ್ಲಿ ಸ್ಪರ್ಧೆಗಳನ್ನು ಶುರುಮಾಡಿತು. ಅದರ ಪಟ್ಟಿಯ ಮೊತ್ತಮೊದಲ ಲೆಕ್ಕ 1A. ಹೆಸರು ಥಿಯೇಟರ್ ಸ್ಕ್ವೇರ್. ಬರೆಯಬೇಕಾದ ಕೋಡ್ ನಾಲ್ಕೇ ಸಾಲು, ಬೇಕಾದ ಗಣಿತ ಏಳನೇ ತರಗತಿಯದು. ಆದರೂ ಕನ್ನಡ ಮಾಧ್ಯಮದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಡಿಪ್ಲೊಮಾ ಅಥವಾ ಪಿಯುಸಿ ಸೇರಿದವರಲ್ಲಿ ಅನೇಕರು ಇದರ ಮುಂದೆ ಅರ್ಧ ಗಂಟೆ ಕೂತುಬಿಡುತ್ತಾರೆ. ಅವರು ಎಲ್ಲಿ ನಿಲ್ಲುತ್ತಾರೆ ಎಂದು ನೋಡಿದರೆ ಇಂಗ್ಲಿಷಿನ ತೊಡಕು ಯಾವ ಜಾಗದಲ್ಲಿದೆ ಎಂದು ಸ್ಪಷ್ಟವಾಗಿ ಕಾಣುತ್ತದೆ. ಅದಕ್ಕೇ ಈ ಲೆಕ್ಕವನ್ನೇ ಹಿಡಿದು ಹೋಗೋಣ.

ಲೆಕ್ಕದ ಸಾರಾಂಶ ಇಷ್ಟು. ಬೆರ್‌ಲ್ಯಾಂಡ್ ಎಂಬ ದೇಶದ ರಾಜಧಾನಿಯಲ್ಲಿ ಥಿಯೇಟರ್ ಸ್ಕ್ವೇರ್ ಎಂಬ ಜಾಗವಿದೆ. ಅದು `n` ಮೀಟರ್ ಉದ್ದ, `m` ಮೀಟರ್ ಅಗಲದ ಆಯತ. ನಗರದ ವಾರ್ಷಿಕೋತ್ಸವಕ್ಕೆಂದು ಅಲ್ಲಿ ಚೌಕಾಕಾರದ ಗ್ರಾನೈಟ್ ಕಲ್ಲು ಹಾಸಬೇಕು. ಒಂದೊಂದು ಕಲ್ಲಿನ ಅಳತೆ `a` × `a`. ಎಷ್ಟು ಕಡಿಮೆ ಕಲ್ಲಿನಲ್ಲಿ ಕೆಲಸ ಮುಗಿಸಬಹುದು ಎಂಬುದು ಪ್ರಶ್ನೆ. ಕಲ್ಲುಗಳು ಜಾಗದ ಅಂಚು ದಾಟಿ ಹೊರಗೆ ಚಾಚಿಕೊಂಡರೆ ಅಡ್ಡಿಯಿಲ್ಲ, ಆದರೆ ಒಳಗೆ ಎಲ್ಲೂ ಖಾಲಿ ಉಳಿಯಬಾರದು. ಕಲ್ಲನ್ನು ಒಡೆಯುವಂತಿಲ್ಲ. ಕಲ್ಲಿನ ಬದಿ ಜಾಗದ ಬದಿಗೆ ಸಮಾಂತರವಾಗಿರಬೇಕು.

ಡಿಪ್ಲೊಮಾ ಎರಡನೇ ವರ್ಷದ ಒಬ್ಬ ವಿದ್ಯಾರ್ಥಿನಿಗೆ ಇದರ ಇಂಗ್ಲಿಷ್ ಪಾಠವನ್ನು ಕೊಟ್ಟು, ಗೊತ್ತಿಲ್ಲದ ಪದಗಳಿಗೆ ಗೆರೆ ಎಳೆಯಲು ಹೇಳಿದೆ. ಬೆರ್‌ಲ್ಯಾಂಡ್, ಆನಿವರ್ಸರಿ, ಪೇವ್, ಗ್ರಾನೈಟ್, ಫ್ಲ್ಯಾಗ್‌ಸ್ಟೋನ್ ಎಂಬ ಐದಕ್ಕೆ ಗೆರೆ ಬಿತ್ತು.

"ಸರ್, ಫ್ಲ್ಯಾಗ್‌ಸ್ಟೋನ್ ಅಂದ್ರೆ ಏನ್ರೀ? ಧ್ವಜದ ಕಲ್ಲಾ?"

"ಅದನ್ನ ಬಿಟ್ಟುಬಿಡಮ್ಮ. ಆ ಪದದ ಜಾಗದಲ್ಲಿ ಬರೀ 'ವಸ್ತು' ಅಂತ ಇಟ್ಕೊಂಡು ಓದು."

"ಎ ಇಂಟು ಎ ಅಳತೆಯ ವಸ್ತು... ಕಡಿಮೆ ಅಂದ್ರೆ ಎಷ್ಟು ವಸ್ತು ಬೇಕು... ಹಂಗಾದ್ರೆ ತಿಳೀತದ ಸರ್."

ಆಕೆ ಗೆರೆ ಎಳೆದ ಐದರಲ್ಲಿ ಒಂದೂ ಉತ್ತರವನ್ನು ಬದಲಿಸುವ ಪದವಲ್ಲ. ಬೆರ್‌ಲ್ಯಾಂಡ್ ಯಾವ ಭೂಪಟದಲ್ಲೂ ಇಲ್ಲ, ಕೋಡ್‌ಫೋರ್ಸಸ್‌ನ ಕತೆಗಳಲ್ಲಿ ಮಾತ್ರ ಬರುವ ಕಲ್ಪಿತ ದೇಶ ಅದು. ವಾರ್ಷಿಕೋತ್ಸವ ಬರೀ ಕತೆಯ ಅಲಂಕಾರ. ಉತ್ತರವನ್ನು ಬದಲಿಸುವ ಪದಗಳೆಂದರೆ ಲೀಸ್ಟ್, ಅಲೌಡ್, ನಾಟ್ ಅಲೌಡ್, ಲಾರ್ಜರ್. ಇವು ನಾಲ್ಕೂ ಆಕೆಗೆ ಗೊತ್ತಿದ್ದವು, ಹಾಗಾಗಿ ಗೆರೆ ಬೀಳಲಿಲ್ಲ. ಗೆರೆ ಬೀಳದ್ದರಿಂದ ಕಣ್ಣು ಅಲ್ಲಿ ನಿಲ್ಲಲೂ ಇಲ್ಲ. ಕನ್ನಡ ಮಾಧ್ಯಮದ ಹುಡುಗರಿಗೆ ಲೆಕ್ಕ ತಪ್ಪುವುದು ಬಹುಪಾಲು ಇಂಥ ಜಾಗದಲ್ಲೇ. ನಿಘಂಟು ತೆರೆಸುವ ಪದ ಸಮಯ ತಿನ್ನುತ್ತದೆ ಅಷ್ಟೆ, ಗೊತ್ತಿದೆ ಎಂದುಕೊಂಡು ದಾಟಿಹೋದ ಪದ ಉತ್ತರವನ್ನೇ ಕೆಡಿಸುತ್ತದೆ.

ಇದೇ ಲೆಕ್ಕದಲ್ಲಿ ಇನ್ನೂ ಒಂದು ತೊಡಕಿದೆ. ಸ್ಕ್ವೇರ್ ಎಂಬ ಪದ ಇಲ್ಲಿ ಎರಡು ಕೆಲಸ ಮಾಡುತ್ತಿದೆ. ಥಿಯೇಟರ್ ಸ್ಕ್ವೇರ್ ಎಂಬಲ್ಲಿ ಅದು ಊರಿನ ಮಧ್ಯದ ಬಯಲು, ಸ್ಕ್ವೇರ್ ಫ್ಲ್ಯಾಗ್‌ಸ್ಟೋನ್ ಎಂಬಲ್ಲಿ ಚೌಕಾಕೃತಿ. ನಾವು ಕೆ.ಆರ್. ಸರ್ಕಲ್ ಎಂದಾಗ ವೃತ್ತದ ತ್ರಿಜ್ಯ ಕೇಳುವುದಿಲ್ಲವಲ್ಲ, ಹಾಗೆಯೇ ಥಿಯೇಟರ್ ಸ್ಕ್ವೇರ್ ಚೌಕವಾಗಿರಬೇಕಿಲ್ಲ. ಆಯತ ಎಂದು ಮೊದಲ ವಾಕ್ಯವೇ ಹೇಳಿದೆ. ಇದನ್ನು ಗಮನಿಸದವರು `n` ಮತ್ತು `m` ಒಂದೇ ಎಂದುಕೊಳ್ಳುತ್ತಾರೆ. ಇಂಗ್ಲಿಷಿನಲ್ಲಿ ವಾಕ್ಯದ ನಡುವೆ ಒಂದು ಪದ ದೊಡ್ಡಕ್ಷರದಿಂದ ಶುರುವಾದರೆ ಅದು ಹೆಸರು, ಸಣ್ಣಕ್ಷರದಲ್ಲಿದ್ದರೆ ಸಾಮಾನ್ಯ ಪದ. ಕನ್ನಡ ಲಿಪಿಯಲ್ಲಿ ದೊಡ್ಡಕ್ಷರವೇ ಇಲ್ಲದ್ದರಿಂದ ಈ ಸೂಚನೆಯನ್ನು ಹುಡುಕುವ ಅಭ್ಯಾಸ ನಮ್ಮ ಕಣ್ಣಿಗೆ ಇರುವುದಿಲ್ಲ. ಅದನ್ನು ಬೇಕೆಂದೇ ರೂಢಿಸಿಕೊಳ್ಳಬೇಕು.

ಈಗ ಮಾದರಿಗೆ ಬರೋಣ. ಲೆಕ್ಕದ ಕೊನೆಯಲ್ಲಿ ಸ್ಯಾಂಪಲ್ ಇನ್‌ಪುಟ್, ಸ್ಯಾಂಪಲ್ ಔಟ್‌ಪುಟ್ ಇರುತ್ತದೆ. ಇಲ್ಲಿ ಇನ್‌ಪುಟ್ `6 6 4`, ಔಟ್‌ಪುಟ್ `4`. ಕೋಡ್ ಬರೆಯುವ ಮುಂಚೆ ಇದನ್ನು ಕಾಗದದ ಮೇಲೆ ಮಾಡಿ ನೋಡಬೇಕು. ಆರು ಮೀಟರ್ ಉದ್ದಕ್ಕೆ ನಾಲ್ಕು ಮೀಟರಿನ ಕಲ್ಲು ಇಟ್ಟರೆ ಒಂದು ಸಾಲದು, ಎರಡು ಬೇಕು. ಅಗಲಕ್ಕೂ ಎರಡು. ಎರಡೆರಡಲ ನಾಲ್ಕು. ಉತ್ತರ ತಾಳೆಯಾಯಿತು.

ಇದೇ ಮಾದರಿಯನ್ನು ತಪ್ಪಾಗಿ ಓದಿದವರು ಮಾಡಿದರೆ ಏನು ಬರುತ್ತದೆ ಎಂಬುದು ಹೆಚ್ಚು ಪಾಠ ಕಲಿಸುತ್ತದೆ. ಕಲ್ಲು ಒಡೆಯುವಂತಿಲ್ಲ ಎಂಬ ವಾಕ್ಯವನ್ನು ದಾಟಿಹೋದವರು ವಿಸ್ತೀರ್ಣ ಭಾಗಿಸುತ್ತಾರೆ. 36 ಚದರ ಮೀಟರನ್ನು 16ರಿಂದ ಭಾಗಿಸಿದರೆ 2.25, ಮೇಲಕ್ಕೆ ಏರಿಸಿದರೆ 3. ಹೊರಗೆ ಚಾಚಬಹುದು ಎಂಬ ವಾಕ್ಯ ತಪ್ಪಿದವರು, ಒಳಗೆ ಪೂರ್ತಿ ಹಿಡಿಸುವ ಕಲ್ಲನ್ನಷ್ಟೇ ಎಣಿಸಿ 1 ಎನ್ನುತ್ತಾರೆ. ಅಂದರೆ 3 ಬಂದರೆ ಯಾವ ವಾಕ್ಯ ಬಿಟ್ಟೆವು, 1 ಬಂದರೆ ಯಾವುದನ್ನು ಬಿಟ್ಟೆವು ಎಂದು ಮಾದರಿಯೇ ಹೇಳಿಬಿಡುತ್ತದೆ. ಒಳ್ಳೆಯ ಲೆಕ್ಕ ಬರೆಯುವವರು ಮಾದರಿಯನ್ನು ಸುಮ್ಮನೆ ಆರಿಸುವುದಿಲ್ಲ. ತಪ್ಪು ಓದಿಗೆ ಬೇರೆ ಉತ್ತರ ಬರುವಂಥ ಅಂಕಿಗಳನ್ನೇ ಸಾಮಾನ್ಯವಾಗಿ ಇಡುತ್ತಾರೆ.

ಕೋಡ್ ಇಷ್ಟೇ:

```python
n, m, a = map(int, input().split())
x = (n + a - 1) // a
y = (m + a - 1) // a
print(x * y)
```

ಇನ್ನೊಂದು ಸಾಲು ಉಳಿಯಿತು, ಹೆಚ್ಚಿನವರು ಓದದೇ ಬಿಡುವ ಸಾಲು. ಇನ್‌ಪುಟ್ ವಿವರಣೆಯಲ್ಲಿ `1 ≤ n, m, a ≤ 10^9` ಎಂದಿದೆ. ಇದನ್ನು ಕನ್‌ಸ್ಟ್ರೇಂಟ್ಸ್ ಎನ್ನುತ್ತಾರೆ, ಅಂಕಿಗಳ ಮಿತಿ. ಇದರಲ್ಲಿ ಇಂಗ್ಲಿಷ್ ಇಲ್ಲವೇ ಇಲ್ಲ, ಆದರೆ ಮಾತು ಬಹಳವಿದೆ. ಉದ್ದ ಅಗಲ ತಲಾ ನೂರು ಕೋಟಿ, ಕಲ್ಲು ಒಂದು ಮೀಟರಿನದು ಎಂದಿಟ್ಟುಕೊಳ್ಳಿ. ಉತ್ತರ `10^18`. ಸಿ ಪ್ಲಸ್ ಪ್ಲಸ್‌ನಲ್ಲಿ `int` ಎಂದು ಬರೆದರೆ ಅದರಲ್ಲಿ ಹಿಡಿಸುವುದು ಸಾಮಾನ್ಯವಾಗಿ 214 ಕೋಟಿ ಚಿಲ್ಲರೆ ಮಾತ್ರ. ಹಾಗಾಗಿ `long long` ಬೇಕು. ಪೈಥಾನ್‌ನಲ್ಲಿ ಈ ತೊಂದರೆ ಇಲ್ಲ, ಪೂರ್ಣಾಂಕ ಎಷ್ಟು ದೊಡ್ಡದಾದರೂ ನಡೆಯುತ್ತದೆ. ಮಾದರಿಗೆ ಸರಿಯುತ್ತರ ಕೊಟ್ಟ ಪ್ರೋಗ್ರಾಂ ಮುಂದಿನ ಯಾವುದೋ ಪರೀಕ್ಷೆಯಲ್ಲಿ `Wrong answer` ಎಂದರೆ ಮೊದಲು ಈ ಸಾಲಿಗೆ ಹಿಂತಿರುಗಬೇಕು.

ಇಷ್ಟು ನೋಡಿದ ಮೇಲೆ ಪದಗಳನ್ನು ಕಲಿಯುವ ವಿಷಯ ಸುಲಭವಾಗುತ್ತದೆ. ಪ್ರೋಗ್ರಾಮಿಂಗ್‌ನ ಇಂಗ್ಲಿಷ್ ಎಂದರೆ ಒಂದೇ ರಾಶಿಯಲ್ಲ. ಭಾಷೆಯ ಸ್ವಂತ ಪದಗಳು ಒಂದು ಗುಂಪು: `if`, `while`, `return`, `break` ಮುಂತಾದವು. ಪೈಥಾನ್ 3ರ ಈಗಿನ ಆವೃತ್ತಿಗಳಲ್ಲಿ ಇಂಥ ಮೀಸಲು ಪದಗಳು 35 ಮಾತ್ರ. ಇವನ್ನು ಬಾಯಿಪಾಠ ಮಾಡುವ ಅಗತ್ಯವಿಲ್ಲ, ತಿಂಗಳೆರಡು ತಿಂಗಳು ಕೋಡ್ ಬರೆದರೆ ಕೈಗೇ ಬರುತ್ತವೆ. ಇವುಗಳ ಬಗ್ಗೆ ಇನ್ನು ಮಾತು ಬೇಡ.

ಎರಡನೆಯ ಗುಂಪು ಗಣಿತದ್ದು, ಇಲ್ಲಿ ಕನ್ನಡ ಮಾಧ್ಯಮದವರ ಕೈಯಲ್ಲಿ ಈಗಾಗಲೇ ಬಂಡವಾಳವಿದೆ. ಅವಿಭಾಜ್ಯ ಸಂಖ್ಯೆ ಎಂದರೇನು ಎಂದು ಗೊತ್ತಿರುವವರಿಗೆ ಪ್ರೈಮ್ ಎಂಬುದು ಹೊಸ ವಿಷಯವಲ್ಲ, ಹಳೆಯ ವಿಷಯಕ್ಕೆ ಇನ್ನೊಂದು ಹೆಸರು. ಶೇಷಕ್ಕೆ ರಿಮೈಂಡರ್, ಗುಣಲಬ್ಧಕ್ಕೆ ಪ್ರಾಡಕ್ಟ್, ಪೂರ್ಣಾಂಕಕ್ಕೆ ಇಂಟಿಜರ್, ಮ.ಸಾ.ಅ.ಗೆ ಜಿಸಿಡಿ, ಸಮ ಬೆಸಕ್ಕೆ ಈವನ್ ಆಡ್, ಉಪಗಣಕ್ಕೆ ಸಬ್‌ಸೆಟ್, ಕ್ರಮಯೋಜನೆಗೆ ಪರ್ಮ್ಯುಟೇಶನ್. ಹತ್ತನೇ ತರಗತಿಯ ಕನ್ನಡ ಗಣಿತ ಪುಸ್ತಕವನ್ನೂ ಅದರ ಇಂಗ್ಲಿಷ್ ಮಾಧ್ಯಮದ ಪ್ರತಿಯನ್ನೂ ಅಕ್ಕಪಕ್ಕ ಇಟ್ಟುಕೊಂಡು, ಅಧ್ಯಾಯದ ತಲೆಬರಹ, ವ್ಯಾಖ್ಯೆ, ಒಂದೊಂದು ಉದಾಹರಣೆಯನ್ನು ಮಾತ್ರ ಓದುತ್ತಾ ಹೋದರೆ ಈ ಗುಂಪು ಒಂದೆರಡು ವಾರಾಂತ್ಯದಲ್ಲಿ ಮುಗಿಯುತ್ತದೆ. ವಿಷಯ ಮೊದಲೇ ಗೊತ್ತಿರುವುದರಿಂದ ಪೂರ್ತಿ ಗಮನ ಭಾಷೆಗೇ ಸಿಗುತ್ತದೆ. ನನ್ನ ಮಟ್ಟಿಗೆ ಇದಕ್ಕಿಂತ ಒಳ್ಳೆಯ ದಾರಿ ಕಂಡಿಲ್ಲ, ಖರ್ಚೂ ಇಲ್ಲ.

ಮೂರನೆಯ ಗುಂಪೇ ನಿಜವಾದ ಕೆಲಸ: ಷರತ್ತು ಹೇಳುವ ಸಣ್ಣ ಮಾತುಗಳು. ಇದರಲ್ಲಿ ಕನ್ನಡದವರಿಗೇ ವಿಶೇಷವಾಗಿ ಕಾಡುವ ಒಂದು ಜೋಡಿಯಿದೆ. ಅಟ್ ಲೀಸ್ಟ್ ಎಂದರೆ ಏನು ಎಂದು ಕೇಳಿದರೆ ತರಗತಿಯಲ್ಲಿ 'ಕನಿಷ್ಠ' ಎನ್ನುತ್ತಾರೆ. ಮಿನಿಮಮ್ ಎಂದರೆ? ಅದಕ್ಕೂ 'ಕನಿಷ್ಠ'. ಈಗ ಒಂದು ಪ್ರಶ್ನೆ ಹೀಗಿದೆ ಎಂದುಕೊಳ್ಳಿ: ಅಟ್ ಲೀಸ್ಟ್ `k` ಲೀಟರ್ ಹಾಲು ಸೇರಲು ಬೇಕಾದ ಮಿನಿಮಮ್ ದಿನಗಳೆಷ್ಟು? ಮನಸ್ಸಿನಲ್ಲಿ ಅದು 'ಕನಿಷ್ಠ ಕೆ ಲೀಟರಿಗೆ ಕನಿಷ್ಠ ದಿನ' ಎಂದಾಗುತ್ತದೆ. ಎರಡು ಕನಿಷ್ಠಗಳು ಒಂದರ ಮೇಲೊಂದು ಕೂತು ಯಾವುದು ಷರತ್ತು, ಯಾವುದು ಪ್ರಶ್ನೆ ಎಂಬುದೇ ಮಸುಕಾಗುತ್ತದೆ. ಮಿನಿಮಮ್ ಎಂಬುದು ಹುಡುಕಬೇಕಾದ ಉತ್ತರ, ಇರುವ ಸಾಧ್ಯತೆಗಳಲ್ಲೆಲ್ಲ ಚಿಕ್ಕದು. ಅಟ್ ಲೀಸ್ಟ್ ಎಂಬುದು ಉತ್ತರ ದಾಟಲೇಬೇಕಾದ ಗೆರೆ. ಮ್ಯಾಕ್ಸಿಮಮ್ ಮತ್ತು ಅಟ್ ಮೋಸ್ಟ್ ಎಂಬ ಎರಡೂ 'ಗರಿಷ್ಠ' ಆಗಿಬಿಡುವುದು ಇದೇ ತೊಂದರೆಯ ಇನ್ನೊಂದು ಮುಖ.

ಹಾಗಾಗಿ ಈ ಎರಡನ್ನು ಕನ್ನಡ ಪದಕ್ಕೆ ತಿರುಗಿಸಲೇಬೇಡಿ ಎಂದು ಹೇಳುತ್ತೇನೆ. ನೇರವಾಗಿ ಚಿಹ್ನೆಗೆ ತಿರುಗಿಸಿ. ಅಟ್ ಲೀಸ್ಟ್ ಕಂಡ ಕೂಡಲೇ ಪುಸ್ತಕದಲ್ಲಿ `>=` ಬರೆಯಿರಿ, ಅಟ್ ಮೋಸ್ಟ್ ಕಂಡರೆ `<=`. ಡಸ್ ನಾಟ್ ಎಕ್ಸೀಡ್, ನೋ ಮೋರ್ ದ್ಯಾನ್, ಅಪ್ ಟು ಎಂಬುವೂ `<=`. ನೋ ಲೆಸ್ ದ್ಯಾನ್ ಎಂದರೆ `>=`. ಲೆಸ್ ದ್ಯಾನ್ ಎಂದಷ್ಟೇ ಇದ್ದರೆ `<`, ಸಮ ಸೇರುವುದಿಲ್ಲ. ಬಾಯಲ್ಲಿ ಹೇಳಿಕೊಳ್ಳಲು ಕನ್ನಡ ಬೇಕೇಬೇಕು ಎಂದರೆ ಅಟ್ ಲೀಸ್ಟ್ ಹತ್ತು ಎಂಬುದಕ್ಕೆ 'ಹತ್ತಾದರೂ ಇರಬೇಕು', ಅಟ್ ಮೋಸ್ಟ್ ಹತ್ತು ಎಂಬುದಕ್ಕೆ 'ಹತ್ತನ್ನು ಮೀರಬಾರದು' ಎನ್ನಿ. ಮನೆಯಲ್ಲಿ ಆಡುವ ಈ ಮಾತುಗಳಲ್ಲಿ ಗೊಂದಲ ಇಲ್ಲ.

ಎನಿ ಎಂಬ ಇನ್ನೊಂದು ಪದಕ್ಕೂ ಎಚ್ಚರ ಬೇಕು. ಉತ್ತರ ಹಲವು ಇದ್ದರೆ ಪ್ರಿಂಟ್ ಎನಿ ಎಂದಾಗ ಯಾವುದಾದರೂ ಒಂದನ್ನು ಕೊಟ್ಟರೆ ಸಾಕು. ಫಾರ್ ಎನಿ `i` ಈ ಷರತ್ತು ನಿಲ್ಲಬೇಕು ಎಂದಾಗ ಎಲ್ಲ `i`ಗಳಿಗೂ ನಿಲ್ಲಬೇಕು. ಒಂದರಲ್ಲಿ ಒಂದು ಸಾಕು, ಇನ್ನೊಂದರಲ್ಲಿ ಒಂದೂ ಬಿಡುವಂತಿಲ್ಲ. ಪದ ಒಂದೇ ಆಗಿರುವುದರಿಂದ ಅದರ ಹಿಂದಿನ ಪದವನ್ನು ಸೇರಿಸಿಯೇ ಓದಬೇಕು.

ಇನ್ನು ವಾಕ್ಯದ ಕಟ್ಟಡ. ಕನ್ನಡದಲ್ಲಿ ನಾವು 'ಮೊತ್ತ ಹತ್ತನ್ನು ಮೀರದ, ಒಂದರ ಪಕ್ಕ ಒಂದಿರುವ ದಿನಗಳನ್ನು ಹುಡುಕಿ' ಎನ್ನುತ್ತೇವೆ. ವಿಶೇಷಣಗಳೆಲ್ಲ ಮುಂದೆ, ವಸ್ತು ನಡುವೆ, ಮಾಡಬೇಕಾದ ಕೆಲಸ ಕೊನೆಗೆ. ಇಂಗ್ಲಿಷಿನಲ್ಲಿ ಮಾಡಬೇಕಾದ ಕೆಲಸ ಮೊದಲೇ ಬರುತ್ತದೆ, ನಂತರ ವಸ್ತು, ಷರತ್ತುಗಳೆಲ್ಲ ಹಿಂದೆ ಬಾಲದಂತೆ ಸಾಲಾಗಿ. ಫೈಂಡ್, ಪ್ರಿಂಟ್, ಔಟ್‌ಪುಟ್, ಡಿಟರ್ಮಿನ್, ಕೌಂಟ್ ಇವುಗಳಲ್ಲಿ ಒಂದು ಎಲ್ಲಿದೆ ಎಂದು ಮೊದಲು ಹುಡುಕಿ. ಪ್ರಶ್ನೆ ಅಲ್ಲಿದೆ. ಬಳಿಕ ಸಚ್ ದಟ್, ವೇರ್, ಹೂಸ್ ಎಂಬ ಪದ ಸಿಕ್ಕ ಕಡೆ ಪೆನ್ಸಿಲಿನಿಂದ ಒಂದು ಅಡ್ಡಗೆರೆ ಹಾಕಿ. ಗೆರೆಯ ಎಡಗಡೆ ಏನು ಬೇಕು ಎಂಬುದು, ಬಲಗಡೆ ಹೇಗಿರಬೇಕು ಎಂಬುದು. ಬಲಗಡೆಯ ಒಂದೊಂದು ಷರತ್ತನ್ನೂ ಪುಸ್ತಕದಲ್ಲಿ ಒಂದೊಂದು ಸಾಲಾಗಿ ಇಳಿಸಬೇಕು. ವಾಕ್ಯವನ್ನು ಒಟ್ಟಿಗೆ ತಲೆಯಲ್ಲಿ ಹಿಡಿದಿಟ್ಟುಕೊಳ್ಳಲು ಹೋಗಬಾರದು.

ಈಗ ಉದ್ದದ ಲೆಕ್ಕ. ಪರದೆ ತುಂಬುವಷ್ಟು ಉದ್ದವಿರುವ ಒಂದನ್ನು ನಾನೇ ಕಟ್ಟಿದ್ದೇನೆ, ಇಂಗ್ಲಿಷ್ ಪಾಠದ ರೂಢಿಯ ಎಲ್ಲ ಭಾಗಗಳೂ ಅದರಲ್ಲಿವೆ. ಮೊದಲ ಎರಡು ಪ್ಯಾರಾ ಕತೆ: ಊರಿನ ಹಾಲಿನ ಸಂಘ, ಅದರ ಕಾರ್ಯದರ್ಶಿ, ಟ್ಯಾಂಕರ್, ದಿನದಿನದ ಲೆಕ್ಕದ ಪುಸ್ತಕ. ಮೂರನೇ ಪ್ಯಾರಾದಲ್ಲಿ ಪ್ರಶ್ನೆ: ಕನ್ಸೆಕ್ಯೂಟಿವ್ ದಿನಗಳನ್ನು ಆರಿಸಬೇಕು, ಆ ದಿನಗಳ ಒಟ್ಟು ಹಾಲು ಅಟ್ ಮೋಸ್ಟ್ `k` ಲೀಟರ್ ಇರಬೇಕು, ಮ್ಯಾಕ್ಸಿಮಮ್ ಎಷ್ಟು ದಿನ ಆರಿಸಬಹುದು ಎಂದು ಹೇಳಬೇಕು. ಒಂದು ದಿನವನ್ನೂ ಆರಿಸಲಾಗದಿದ್ದರೆ ಸೊನ್ನೆ ಪ್ರಿಂಟ್ ಮಾಡಬೇಕು. ಆಮೇಲೆ ಇನ್‌ಪುಟ್‌ನ ವಿವರ, ಮಿತಿಗಳು, ಮಾದರಿ.

ಇಂಥದನ್ನು ಮೇಲಿನಿಂದ ಕೆಳಕ್ಕೆ ಪದಪದವಾಗಿ ಓದುವುದು ನಮ್ಮ ಶಾಲೆಯ ಅಭ್ಯಾಸ. ಅದನ್ನು ಇಲ್ಲಿ ಬಿಡಬೇಕು. ಕತೆಯ ಇಂಗ್ಲಿಷ್ ಕಷ್ಟದ್ದು, ಕೆಳಗಿನ ಭಾಗಗಳ ಇಂಗ್ಲಿಷ್ ಸುಲಭದ್ದು. ಇನ್‌ಪುಟ್ ಭಾಗದ ವಾಕ್ಯಗಳಂತೂ ಲೆಕ್ಕದಿಂದ ಲೆಕ್ಕಕ್ಕೆ ಹೆಚ್ಚೂಕಮ್ಮಿ ಒಂದೇ ಅಚ್ಚಿನವು: ಮೊದಲ ಸಾಲಿನಲ್ಲಿ ಇದು, ಎರಡನೇ ಸಾಲಿನಲ್ಲಿ ಅದು. ಇಪ್ಪತ್ತು ಲೆಕ್ಕ ಓದಿದವರಿಗೆ ಅವು ಬಾಯಿಗೇ ಬಂದಿರುತ್ತವೆ. ಅದಕ್ಕೆ ಕೆಳಗಿನಿಂದ ಶುರುಮಾಡಿ. ಮಾದರಿ ಇಲ್ಲಿದೆ:

```
2
5 10
4 3 2 6 1
3 5
6 7 8
```

ಔಟ್‌ಪುಟ್:

```
3
0
```

ಮೊದಲ `2` ಎಂದರೆ ಟೆಸ್ಟ್ ಕೇಸ್‌ಗಳು ಎರಡು, ಅಂದರೆ ಒಂದೇ ಪ್ರಶ್ನೆ ಎರಡು ಬೇರೆ ಅಂಕಿಗಳೊಂದಿಗೆ. ಹೊಸಬರು ಇದನ್ನೇ `n` ಎಂದುಕೊಂಡು ಮುಂದಿನದೆಲ್ಲ ಏರುಪೇರಾಗುವುದುಂಟು. ಅದಾದ ಮೇಲೆ ಪ್ರತಿಯೊಂದಕ್ಕೂ ಎರಡೆರಡು ಸಾಲು: ದಿನಗಳ ಸಂಖ್ಯೆ ಮತ್ತು `k`, ನಂತರ ದಿನದಿನದ ಲೀಟರ್. ಇನ್‌ಪುಟ್ ವಿವರಣೆಯ ಒಂದೊಂದು ವಾಕ್ಯ ಓದುತ್ತಾ ಮಾದರಿಯ ಆ ಸಾಲಿನ ಮೇಲೆ ಬೆರಳಿಡಿ. ಬೆರಳಿಡಲಾಗದ ವಾಕ್ಯ ಬಂದರೆ ಅಲ್ಲಿ ಏನೋ ತಪ್ಪಿದೆ ಎಂದು ಅರ್ಥ.

ಈಗ ಮೊದಲ ಟೆಸ್ಟ್ ಕೇಸನ್ನು ಕೈಯಲ್ಲಿ ಮಾಡೋಣ. ಲೀಟರ್‌ಗಳು 4, 3, 2, 6, 1. ಮಿತಿ 10. ಮೊದಲ ಮೂರು ದಿನ ಸೇರಿದರೆ 9, ಆಗಬಹುದು. ನಾಲ್ಕನೆಯದು ಸೇರಿದರೆ 15, ಆಗದು. ಕೊನೆಯ ಮೂರು ದಿನವೂ 9. ಕೊನೆಯ ನಾಲ್ಕು ದಿನ ಸೇರಿದರೆ 12. ಹಾಗಾಗಿ ಉತ್ತರ 3. ಕನ್ಸೆಕ್ಯೂಟಿವ್ ಎಂಬ ಪದವನ್ನು ಬಿಟ್ಟು ಓದಿದವರು 4, 3, 2, 1 ಆರಿಸಿ ಮೊತ್ತ ಸರಿಯಾಗಿ 10 ಬಂತೆಂದು ಸಂತೋಷಪಟ್ಟು ಉತ್ತರ 4 ಎನ್ನುತ್ತಾರೆ. ಮಾದರಿ 3 ಎಂದಿರುವುದರಿಂದ ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ. ಕನ್ಸೆಕ್ಯೂಟಿವ್, ಕಂಟಿಗ್ಯುಅಸ್, ಸಬ್‌ಅರೇ ಎಂದರೆ ನಡುವೆ ಬಿಡದೆ ಸಾಲಾಗಿ ತೆಗೆದದ್ದು. ಸಬ್‌ಸೀಕ್ವೆನ್ಸ್ ಎಂದರೆ ಕ್ರಮ ಕೆಡಿಸದೆ, ನಡುವಿನದನ್ನು ಬಿಡಲು ಅವಕಾಶ ಇಟ್ಟುಕೊಂಡು ತೆಗೆದದ್ದು. ಲೆಕ್ಕದ ದಾರಿಯನ್ನೇ ಬದಲಿಸುವ ವ್ಯತ್ಯಾಸ ಇದು.

ಆದರೆ ಮಾದರಿ ಎಲ್ಲ ತಪ್ಪನ್ನೂ ಹಿಡಿಯುವುದಿಲ್ಲ. ಅಟ್ ಮೋಸ್ಟ್ ಎಂಬುದನ್ನು ಲೆಸ್ ದ್ಯಾನ್ ಎಂದು ಓದಿಕೊಂಡರೂ ಇಲ್ಲಿ 3 ಎಂದೇ ಬರುತ್ತದೆ, ಏಕೆಂದರೆ 9 ಎಂಬುದು 10ಕ್ಕಿಂತ ಚಿಕ್ಕದೇ. ಆಗ ನಾವೇ ಒಂದು ಅಂಕಿ ಬದಲಿಸಬೇಕು. `k` 9 ಎಂದಿಟ್ಟು ನೋಡಿ. ಅಟ್ ಮೋಸ್ಟ್ ಪ್ರಕಾರ ಉತ್ತರ 3, ಲೆಸ್ ದ್ಯಾನ್ ಪ್ರಕಾರ 2. ಈಗ ಮೂಲ ವಾಕ್ಯಕ್ಕೆ ಹಿಂತಿರುಗಿ ಅಲ್ಲಿ ನಿಜವಾಗಿ ಏನು ಬರೆದಿದೆ ಎಂದು ಮತ್ತೊಮ್ಮೆ ಓದಿದರೆ ಸಂದೇಹ ಉಳಿಯುವುದಿಲ್ಲ. ಗಡಿಯ ಮೇಲೆ ಸರಿಯಾಗಿ ಕೂರುವ ಇಂಥ ಅಂಕಿಯನ್ನು ಪ್ರತಿ ಲೆಕ್ಕಕ್ಕೂ ಒಂದನ್ನಾದರೂ ತಯಾರು ಮಾಡಿಕೊಳ್ಳುವುದು ಒಳ್ಳೆಯ ರೂಢಿ.

ಮಿತಿಗಳ ಭಾಗದಲ್ಲಿ ಒಂದು ವಾಕ್ಯ ಪದೇಪದೇ ಬರುತ್ತದೆ, ಬಹಳ ಜನರನ್ನು ಹೆದರಿಸುತ್ತದೆ. ಇಟ್ ಈಸ್ ಗ್ಯಾರಂಟೀಡ್ ಎಂದು ಶುರುವಾಗಿ, ಎಲ್ಲ ಟೆಸ್ಟ್ ಕೇಸ್‌ಗಳ `n` ಕೂಡಿದರೆ `2·10^5` ಮೀರುವುದಿಲ್ಲ ಎಂದು ಮುಗಿಯುತ್ತದೆ. ಗ್ಯಾರಂಟೀಡ್ ಎಂದರೆ ನಾವು ಪರೀಕ್ಷಿಸಬೇಕಾದ ಸಂಗತಿಯಲ್ಲ, ಲೆಕ್ಕ ಕೊಟ್ಟವರು ನಮಗೆ ಕೊಟ್ಟ ಮಾತು. ಟೆಸ್ಟ್ ಕೇಸ್ ಹತ್ತು ಸಾವಿರ, ಒಂದೊಂದರಲ್ಲೂ ಎರಡು ಲಕ್ಷ ಅಂಕಿ ಎಂದು ಗುಣಿಸಿದರೆ 200 ಕೋಟಿ ಆಗಿಬಿಡುತ್ತದೆ. ಹಾಗಾಗುವುದಿಲ್ಲ, ಎಲ್ಲ ಸೇರಿಯೇ ಎರಡು ಲಕ್ಷ ಎಂಬುದು ಆ ಮಾತಿನ ಅರ್ಥ. ಆದರೂ ಪ್ರತಿ ದಿನದಿಂದ ಪ್ರತಿ ದಿನಕ್ಕೆ ಮೊತ್ತ ನೋಡುತ್ತಾ ಹೋದರೆ ಎರಡು ಲಕ್ಷದ ವರ್ಗ, ನಾಲ್ಕು ಸಾವಿರ ಕೋಟಿ ಆಗುತ್ತದೆ. ಸಿ ಪ್ಲಸ್ ಪ್ಲಸ್‌ನಲ್ಲಿ ಒಂದು ಸೆಕೆಂಡಿಗೆ ಸುಮಾರು ಹತ್ತು ಕೋಟಿ ಸರಳ ಕೆಲಸ ಎಂಬುದು ಸ್ಪರ್ಧಿಗಳ ಅಂದಾಜು, ಪೈಥಾನ್ ಅದಕ್ಕಿಂತ ಬಹಳ ನಿಧಾನ. ಅಂದರೆ ಸಾಲಿನ ಮೇಲೆ ಒಂದೇ ಸಲ ಓಡುವ ದಾರಿ ಬೇಕು ಎಂದು ಆ ಒಂದು ವಾಕ್ಯವೇ ಸೂಚಿಸುತ್ತಿದೆ: ಮೊತ್ತ ಮೀರಿದಾಗ ಹಿಂದಿನ ತುದಿಯಿಂದ ಒಂದೊಂದು ದಿನ ಬಿಡುವುದು, ಇಲ್ಲದಿದ್ದರೆ ಮುಂದಿನ ತುದಿಯಲ್ಲಿ ಒಂದು ದಿನ ಸೇರಿಸುವುದು. ಲೀಟರ್ ಯಾವಾಗಲೂ ಒಂದಾದರೂ ಇರುತ್ತದೆ ಎಂಬ ಮಿತಿ ಇರುವುದರಿಂದ ಈ ದಾರಿ ನಡೆಯುತ್ತದೆ. ಋಣ ಸಂಖ್ಯೆ ಬರಬಹುದಾಗಿದ್ದರೆ ನಡೆಯುತ್ತಿರಲಿಲ್ಲ.

ಇಷ್ಟಾದ ಮೇಲೆ ಕತೆಯನ್ನು ಓದಿ. ಈಗ ಕಾರ್ಯದರ್ಶಿ, ಟ್ಯಾಂಕರ್, ಪುಸ್ತಕ ಯಾವುದೂ ತೊಡಕಾಗುವುದಿಲ್ಲ, ಯಾವ ವಾಕ್ಯ ಯಾವ ಅಂಕಿಯ ಬಗ್ಗೆ ಎಂದು ಮೊದಲೇ ಗೊತ್ತಿದೆ. ಆದರೆ ಕತೆಯನ್ನು ಪೂರ್ತಿ ಬಿಟ್ಟುಬಿಡಬಾರದು. ಒಂದು ಸಣ್ಣ ಷರತ್ತು, ಉದಾಹರಣೆಗೆ ಭಾನುವಾರ ಟ್ಯಾಂಕರ್ ಬರುವುದಿಲ್ಲ ಎಂಬುದು, ಅಲ್ಲೇ ಅಡಗಿರಬಹುದು. ಬಟ್, ಎಕ್ಸೆಪ್ಟ್, ಅನ್‌ಲೆಸ್, ಹೌಎವರ್, ಓನ್ಲಿ ಎಂಬ ಪದಗಳಿರುವ ವಾಕ್ಯಗಳನ್ನು ಕತೆಯಲ್ಲೂ ನಿಧಾನವಾಗಿ ಓದಬೇಕು. ಬೆರ್‌ಲ್ಯಾಂಡ್‌ನಂಥ ಪದವನ್ನು ದಾಟಬಹುದು, ಇವನ್ನು ದಾಟುವಂತಿಲ್ಲ.

ಕೋಡ್ ಬರೆಯುವ ಮುಂಚೆ ಪುಸ್ತಕದಲ್ಲಿ ಲೆಕ್ಕವನ್ನು ನಿಮ್ಮ ಕನ್ನಡದಲ್ಲಿ ನಾಲ್ಕು ಸಾಲಿಗೆ ಇಳಿಸಿ: ಏನು ಕೊಟ್ಟಿದ್ದಾರೆ, ಏನು ಕೇಳಿದ್ದಾರೆ, ಷರತ್ತು ಏನು, ಮಿತಿ ಎಷ್ಟು. ಹಾಲಿನ ಲೆಕ್ಕಕ್ಕೆ ಹೀಗಾಗುತ್ತದೆ: `n` ದಿನದ ಲೀಟರ್, ಮತ್ತು `k`. ಉದ್ದನೆಯ ದಿನಗಳ ಸಾಲು ಎಷ್ಟು ದಿನದ್ದು. ಸಾಲು ಬಿಡದೆ, ಮೊತ್ತ `<= k`. `n` ಎಲ್ಲ ಸೇರಿ ಎರಡು ಲಕ್ಷ. ಶುದ್ಧ ಕನ್ನಡವೇ ಆಗಬೇಕಿಲ್ಲ, ಚಿಹ್ನೆ, ಇಂಗ್ಲಿಷ್ ಪದ ಬೆರೆತರೂ ಸರಿ. ಸಾಧ್ಯವಾದರೆ ಪಕ್ಕದ ಗೆಳೆಯನಿಗೆ ಕನ್ನಡದಲ್ಲಿ ಬಾಯಲ್ಲಿ ಹೇಳಿ. ಅವನು ಮೂಲ ಪಾಠ ನೋಡದೆ ಮಾದರಿಯ ಉತ್ತರ ಕಂಡುಹಿಡಿದರೆ ನಿಮ್ಮ ಓದು ಸರಿಯಿದೆ.

ತಪ್ಪು ಬಂದಾಗ ಅದು ಓದಿನ ತಪ್ಪೋ ಕೋಡಿನ ತಪ್ಪೋ ಎಂದು ಬೇರ್ಪಡಿಸಿಕೊಳ್ಳಬೇಕು. ಇದಕ್ಕೆ ಕೈಲೆಕ್ಕವೇ ಅಳತೆಗೋಲು. ಕೈಯಲ್ಲಿ ಮಾಡಿದ ಉತ್ತರವೇ ಮಾದರಿಗೆ ಹೊಂದದಿದ್ದರೆ ಓದು ತಪ್ಪಿದೆ, ಆಗ ಕೋಡ್ ಮುಟ್ಟಬೇಡಿ, ಪಾಠಕ್ಕೆ ಹಿಂತಿರುಗಿ. ಕೈಯಲ್ಲಿ ಸರಿ ಬಂದು ಪ್ರೋಗ್ರಾಂ ಬೇರೆ ಹೇಳಿದರೆ ಕೋಡ್ ತಪ್ಪಿದೆ, ಆಗ ಪಾಠವನ್ನು ಮತ್ತೆಮತ್ತೆ ಓದಿ ಸಮಯ ಕಳೆಯಬೇಡಿ. ಇಂಗ್ಲಿಷ್ ಬಾರದ್ದಕ್ಕೇ ಹೀಗಾಯಿತು ಎಂದು ಎಲ್ಲ ತಪ್ಪನ್ನೂ ಭಾಷೆಯ ತಲೆಗೆ ಕಟ್ಟುವ ಹುಡುಗರನ್ನು ನೋಡಿದ್ದೇನೆ. ಅವರಲ್ಲಿ ಎಷ್ಟೋ ಜನರ ಓದು ಸರಿಯೇ ಇರುತ್ತದೆ.

ಕೋಡ್ ನಿಂತಾಗ ಬರುವ ದೋಷದ ಸಂದೇಶಗಳೂ ಒಂದು ಬಗೆಯ ಇಂಗ್ಲಿಷ್ ಪಾಠವೇ. ಥಿಯೇಟರ್ ಸ್ಕ್ವೇರ್‌ನಲ್ಲಿ ಮೂರು ಅಂಕಿ ಒಂದೇ ಸಾಲಿನಲ್ಲಿವೆ ಎಂಬುದನ್ನು ಮರೆತು `int(input())` ಎಂದು ಬರೆದರೆ ಪೈಥಾನ್ ಹೀಗೆನ್ನುತ್ತದೆ:

```
ValueError: invalid literal for int() with base 10: '6 6 4'
```

ನಡುವಿನ ಪದಗಳು ಅರ್ಥವಾಗದಿದ್ದರೂ ಎರಡು ತುದಿ ನೋಡಿ. ಮುಂದಿನ ತುದಿಯಲ್ಲಿ ದೋಷದ ಬಗೆ, ಹಿಂದಿನ ತುದಿಯಲ್ಲಿ ಅದಕ್ಕೆ ಸಿಕ್ಕ ವಸ್ತು: `'6 6 4'`. ಮೂರು ಅಂಕಿಯ ಸಾಲನ್ನು ಒಂದೇ ಪೂರ್ಣಾಂಕ ಮಾಡಲು ಹೊರಟಿದ್ದೆವು ಎಂಬುದು ಅಲ್ಲೇ ಇದೆ. ಪೈಥಾನ್‌ನ ಸಂದೇಶ ಹಲವು ಸಾಲು ಇದ್ದರೆ ಕೊನೆಯ ಸಾಲಿನಿಂದ ಮೇಲಕ್ಕೆ ಓದಬೇಕು, ಕಾರಣ ಕೊನೆಯಲ್ಲಿರುತ್ತದೆ, ಅದರ ಮೇಲೆ ನಿಮ್ಮ ಕೋಡಿನ ಸಾಲಿನ ಸಂಖ್ಯೆ. ಕಂಡ ಸಂದೇಶಗಳನ್ನು ಪುಸ್ತಕದಲ್ಲಿ ಹಾಗೇ ಬರೆದು, ಪಕ್ಕದಲ್ಲಿ ಯಾಕೆ ಬಂತು ಎಂದು ಕನ್ನಡದಲ್ಲಿ ಒಂದು ಸಾಲು ಬರೆದಿಟ್ಟರೆ ಕೆಲವೇ ವಾರಗಳಲ್ಲಿ ಅವೇ ಹತ್ತು ಹನ್ನೆರಡು ಮರಳಿ ಬರುತ್ತಿವೆ ಎಂದು ತಿಳಿಯುತ್ತದೆ.

ಪ್ರೋಗ್ರಾಮಿಂಗ್‌ನ ಅಂತರರಾಷ್ಟ್ರೀಯ ಒಲಿಂಪಿಯಾಡ್ 1989ರಲ್ಲಿ ಬಲ್ಗೇರಿಯಾದಲ್ಲಿ ಶುರುವಾಯಿತು. ಅಲ್ಲಿ ಒಂದು ಪದ್ಧತಿಯಿದೆ. ಸ್ಪರ್ಧೆಗೆ ಮುಂಚೆ ಆಯಾ ದೇಶದ ತಂಡದ ನಾಯಕರು ಲೆಕ್ಕಗಳನ್ನು ತಮ್ಮ ಭಾಷೆಗೆ ಅನುವಾದಿಸುತ್ತಾರೆ, ಮಕ್ಕಳು ತಮ್ಮ ಭಾಷೆಯಲ್ಲೇ ಓದಬಹುದು. ಜಪಾನಿನ ಆಟ್‌ಕೋಡರ್ ಸ್ಪರ್ಧೆಗಳ ಲೆಕ್ಕ ಜಪಾನೀ ಭಾಷೆಯಲ್ಲೂ ಇಂಗ್ಲಿಷಿನಲ್ಲೂ ಸಿಗುತ್ತದೆ, ಕೋಡ್‌ಫೋರ್ಸಸ್‌ನಲ್ಲಿ ರಷ್ಯನ್ ಮತ್ತು ಇಂಗ್ಲಿಷ್ ಎರಡೂ ಇವೆ. ಅಂದರೆ ಇಂಗ್ಲಿಷ್ ಓದುವ ಕಷ್ಟವನ್ನು ಲೆಕ್ಕ ಬಿಡಿಸುವ ಜಾಣ್ಮೆಯ ಭಾಗವೆಂದು ಆ ಲೋಕವೇ ಎಣಿಸುವುದಿಲ್ಲ. ಕನ್ನಡದಲ್ಲಿ ಇಂಥ ಲೆಕ್ಕಗಳ ಸಂಗ್ರಹ ಬರಬೇಕು ಎಂಬುದು ನನ್ನ ಬಲವಾದ ಆಸೆ. ಆದರೆ ಕ್ಯಾಂಪಸ್ ಆಯ್ಕೆಯ ಪರೀಕ್ಷೆಗಳು ಇಂದು ಇಂಗ್ಲಿಷಿನಲ್ಲೇ ಬರುತ್ತವೆ, ಅದಕ್ಕೆ ಕಾಯುತ್ತಾ ಕೂರಲು ಆಗದು.

ಎಲ್ಲಿಂದ ಶುರುಮಾಡಬೇಕು ಎಂದು ಕೇಳುವವರಿಗೆ ನಾನು ಹೇಳುವುದು ಫಿನ್ಲೆಂಡಿನ ಆಂಟಿ ಲಾಕ್ಸೊನೆನ್ ರೂಪಿಸಿದ ಸಿಎಸ್‌ಇಎಸ್ ಲೆಕ್ಕಗಳ ಸಂಗ್ರಹ. ಉಚಿತ, ಕತೆ ಬಹಳ ಕಡಿಮೆ, ವಾಕ್ಯಗಳು ಚಿಕ್ಕವು. ಅಲ್ಲಿನ ಮೊದಲ ಭಾಗದ ಲೆಕ್ಕಗಳನ್ನು ಬಿಡಿಸದಿದ್ದರೂ ಚಿಂತೆಯಿಲ್ಲ, ದಿನಕ್ಕೊಂದು ಓದಿ ನಾಲ್ಕು ಸಾಲಿನ ಕನ್ನಡ ಸಾರಾಂಶ ಬರೆಯಿರಿ. ಅದು ಸಲೀಸಾದ ಮೇಲೆ ಕೋಡ್‌ಫೋರ್ಸಸ್‌ನ ಡಿವಿಷನ್ 4 ಸ್ಪರ್ಧೆಗಳ ಹಳೆಯ ಲೆಕ್ಕಗಳು, ಆಮೇಲೆ ಡಿವಿಷನ್ 3. ಅಲ್ಲಿ ಕತೆ ಉದ್ದವಾಗುತ್ತಾ ಹೋಗುತ್ತದೆ. ಸಾರಾಂಶವನ್ನು ಬರೆಯದೇ ನೇರ ಕೈಲೆಕ್ಕಕ್ಕೆ ಹೋಗುವ ದಿನ ತಾನಾಗಿ ಬರುತ್ತದೆ. ಹಾಗೆ ಹೋದಾಗ ಮಾದರಿಯ ಉತ್ತರ ಸಾಲಾಗಿ ಐದಾರು ಲೆಕ್ಕಗಳಲ್ಲಿ ಮೊದಲ ಸಲಕ್ಕೇ ತಾಳೆಯಾಗುತ್ತಿದ್ದರೆ ಸಾರಾಂಶ ಬಿಡಬಹುದು. ತಪ್ಪತೊಡಗಿದರೆ ಮತ್ತೆ ನಾಲ್ಕು ಸಾಲು ಬರೆಯಲು ಶುರುಮಾಡಿ.